ಮುಕ್ತ ನಗದು ಹರಿವು

ಮುಕ್ತ ನಗದು ಹರಿವು (ಫ್ರೀ ಕ್ಯಾಶ್ ಫ್ಲೋ) ಎಂದರೆ ಒಂದು ಸಂಸ್ಥೆಯು ತನ್ನ ದೈನಂದಿನ ವ್ಯವಹಾರದಿಂದ ಗಳಿಸಿದ ನಗದಿನಲ್ಲಿ, ಯಂತ್ರ, ಕಟ್ಟಡ ಮೊದಲಾದ ಸ್ಥಿರಾಸ್ತಿಗಳಿಗೆ ಮಾಡಿದ ವೆಚ್ಚವನ್ನು ಕಳೆದ ಮೇಲೆ ಉಳಿಯುವ ಹಣ. ಈ ಹಣವನ್ನು ಸಂಸ್ಥೆಯು ಸಾಲ ತೀರಿಸಲು, ಷೇರುದಾರರಿಗೆ ಲಾಭಾಂಶ ಕೊಡಲು, ತನ್ನದೇ ಷೇರುಗಳನ್ನು ಮರುಖರೀದಿಸಲು ಅಥವಾ ಮುಂದಿನ ದಿನಗಳಿಗಾಗಿ ಕೂಡಿಡಲು ಬಳಸಬಹುದು. ಹೀಗೆ ಬೇರೆ ಬೇರೆ ಉದ್ದೇಶಗಳಿಗೆ ಬಳಸುವ ಸ್ವಾತಂತ್ರ್ಯವಿರುವುದರಿಂದಲೇ ಇದಕ್ಕೆ ‘ಮುಕ್ತ’ ಎಂಬ ವಿಶೇಷಣ ಬಂದಿದೆ.

ಲಾಭ-ನಷ್ಟ ಖಾತೆಯಲ್ಲಿ ತೋರಿಸುವ ನಿವ್ವಳ ಲಾಭವೂ ಮುಕ್ತ ನಗದು ಹರಿವೂ ಒಂದೇ ಅಲ್ಲ. ಲಾಭ ಬಂದ ವರ್ಷದಲ್ಲಿಯೇ ಸಂಸ್ಥೆಯ ಕೈಯಲ್ಲಿ ಹಣವಿಲ್ಲದೆ ಹೋಗಬಹುದು. ಲಾಭ ಕಡಿಮೆಯಾದ ವರ್ಷದಲ್ಲಿ ಹಣ ತುಂಬಿ ಬರಲೂಬಹುದು. ಲೆಕ್ಕಪತ್ರದ ಲಾಭವು ಹಲವು ಅಂದಾಜುಗಳನ್ನು ಅವಲಂಬಿಸಿರುವುದರಿಂದ, ಸಂಸ್ಥೆಯ ನಿಜವಾದ ಸಾಮರ್ಥ್ಯವನ್ನು ತಿಳಿಯಲು ಅನೇಕ ಹೂಡಿಕೆದಾರರು ಮುಕ್ತ ನಗದು ಹರಿವನ್ನು ಹೆಚ್ಚಾಗಿ ಆಶ್ರಯಿಸುತ್ತಾರೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್ಫೋಸಿಸ್ ಸಂಸ್ಥೆಯು 2017ರಲ್ಲಿ ಷೇರುದಾರರಿಗೆ ಹಣ ಹಂಚುವ ತನ್ನ ನೀತಿಯ ಆಧಾರವನ್ನು ಲಾಭದಿಂದ ಮುಕ್ತ ನಗದು ಹರಿವಿಗೆ ಬದಲಾಯಿಸಿದ್ದು ಈ ಒಲವಿಗೆ ಕರ್ನಾಟಕದ ಗಮನಾರ್ಹ ನಿದರ್ಶನವಾಗಿದೆ.

## ಲೆಕ್ಕ ಹಾಕುವ ಕ್ರಮ

ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಲಾಭ-ನಷ್ಟ ಖಾತೆ ಮತ್ತು ಆಸ್ತಿ-ಹೊಣೆ ಪಟ್ಟಿಯ ಜೊತೆಗೆ ನಗದು ಹರಿವಿನ ಪಟ್ಟಿಯೂ ಇರುತ್ತದೆ. ಈ ಪಟ್ಟಿಯಲ್ಲಿ ವರ್ಷದ ಹಣದ ಚಲನೆಯನ್ನು ಮೂರು ಭಾಗಗಳಾಗಿ ವಿಂಗಡಿಸಲಾಗುತ್ತದೆ. ಮೊದಲನೆಯದು ಸರಕು ಅಥವಾ ಸೇವೆಯ ಮಾರಾಟ, ಸಂಬಳ, ತೆರಿಗೆ ಮೊದಲಾದ ಕಾರ್ಯಾಚರಣೆಯ ಹಣ. ಎರಡನೆಯದು ಯಂತ್ರ, ಕಟ್ಟಡ ಹಾಗೂ ಹೂಡಿಕೆಗಳ ಕೊಳ್ಳುವಿಕೆ ಮತ್ತು ಮಾರಾಟಕ್ಕೆ ಸಂಬಂಧಿಸಿದ ಹಣ. ಮೂರನೆಯದು ಸಾಲ, ಷೇರು ಬಂಡವಾಳ ಮತ್ತು ಲಾಭಾಂಶಕ್ಕೆ ಸಂಬಂಧಿಸಿದ ಹಣ.

ಮುಕ್ತ ನಗದು ಹರಿವನ್ನು ತಿಳಿಯಲು ಮೊದಲ ಭಾಗದ ಮೊತ್ತವನ್ನೂ ಎರಡನೆಯ ಭಾಗದ ಒಂದು ಸಾಲನ್ನೂ ತೆಗೆದುಕೊಂಡರೆ ಸಾಕು:

ಮುಕ್ತ ನಗದು ಹರಿವು = ಕಾರ್ಯಾಚರಣೆಯಿಂದ ಬಂದ ನಿವ್ವಳ ನಗದು − ಬಂಡವಾಳ ವೆಚ್ಚ

ಬಂಡವಾಳ ವೆಚ್ಚವೆಂದರೆ ಹಲವು ವರ್ಷ ಬಾಳುವ ಆಸ್ತಿಗಳಿಗಾಗಿ ಆ ವರ್ಷ ಪಾವತಿಸಿದ ಹಣ. ಬ್ಯಾಂಕ್ ಠೇವಣಿ ಅಥವಾ ಮ್ಯೂಚುವಲ್ ಫಂಡ್‌ನಲ್ಲಿ ತೊಡಗಿಸಿದ ಹಣವೂ ಎರಡನೆಯ ಭಾಗದಲ್ಲಿಯೇ ಬರುತ್ತದೆಯಾದರೂ ಅದನ್ನು ಇಲ್ಲಿ ಕಳೆಯುವುದಿಲ್ಲ. ಆ ಹಣವು ಸಂಸ್ಥೆಯ ಸ್ವಾಧೀನದಲ್ಲಿಯೇ ಇರುವುದು ಇದಕ್ಕೆ ಕಾರಣ.

ಭಾರತದಲ್ಲಿ ನಗದು ಹರಿವಿನ ಪಟ್ಟಿಯನ್ನು ಹಣಕಾಸು ವರದಿಯ ಭಾಗವೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಏಕವ್ಯಕ್ತಿ ಕಂಪನಿ, ಸಣ್ಣ ಕಂಪನಿ ಮತ್ತು ನಿಷ್ಕ್ರಿಯ ಕಂಪನಿಗಳಿಗೆ ಇದರಿಂದ ವಿನಾಯಿತಿ ಇದೆ. ಆದರೆ ‘ಮುಕ್ತ ನಗದು ಹರಿವು’ ಎಂಬ ಪದಕ್ಕೆ ಲೆಕ್ಕಪತ್ರ ಮಾನದಂಡಗಳಲ್ಲಿ ವ್ಯಾಖ್ಯೆಯಿಲ್ಲ. ಆದ್ದರಿಂದ ಒಂದು ಸಂಸ್ಥೆ ಈ ಹೆಸರಿನಲ್ಲಿ ಅಂಕಿಯೊಂದನ್ನು ಪ್ರಕಟಿಸಿದಾಗ, ಅದನ್ನು ಹೇಗೆ ಲೆಕ್ಕ ಹಾಕಲಾಗಿದೆ ಎಂಬುದನ್ನು ಅದೇ ವರದಿಯಲ್ಲಿ ನೋಡಿ ತಿಳಿಯಬೇಕಾಗುತ್ತದೆ.

## ಲಾಭ ಮತ್ತು ನಗದು ಬೇರೆಯಾಗುವ ಬಗೆ

ಲೆಕ್ಕಪತ್ರದಲ್ಲಿ ಆದಾಯವನ್ನು ಹಣ ಕೈಸೇರಿದ ದಿನ ಬರೆಯುವುದಿಲ್ಲ. ಹಣ ಪಡೆಯುವ ಹಕ್ಕು ಹುಟ್ಟಿದ ದಿನ ಬರೆಯುತ್ತಾರೆ. ಮಾರ್ಚ್ ತಿಂಗಳಲ್ಲಿ ಸರಕನ್ನು ಕಳುಹಿಸಿ ಜೂನ್‌ನಲ್ಲಿ ಹಣ ಬರುವುದಾದರೆ, ಆ ಮಾರಾಟವು ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಆದಾಯದಲ್ಲಿ ಸೇರುತ್ತದೆ. ಖರ್ಚಿನ ವಿಷಯದಲ್ಲಿಯೂ ಇದೇ ಕ್ರಮ. ಒಂದು ವರ್ಷದ ದುಡಿಮೆಯನ್ನು ಅದೇ ವರ್ಷದ ಖರ್ಚಿಗೆ ಹೊಂದಿಸಿ ನೋಡಲು ಈ ಪದ್ಧತಿ ಅಗತ್ಯ. ಆದರೆ ಇದರ ಫಲವಾಗಿ ಲಾಭವೂ ನಗದೂ ಮುಖ್ಯವಾಗಿ ಮೂರು ಕಡೆ ಬೇರೆಯಾಗುತ್ತವೆ.

ಸವಕಳಿ. ಹತ್ತು ಲಕ್ಷ ರೂಪಾಯಿಯ ಯಂತ್ರವೊಂದು ಹತ್ತು ವರ್ಷ ಬಾಳುವುದೆಂದು ಅಂದಾಜಿಸಿದರೆ, ಸರಳ ವಿಧಾನದಲ್ಲಿ ಪ್ರತಿ ವರ್ಷ ಒಂದು ಲಕ್ಷ ರೂಪಾಯಿಯನ್ನು ಸವಕಳಿಯೆಂದು ಲಾಭದಿಂದ ಕಳೆಯಲಾಗುತ್ತದೆ. ಹಣವಾದರೋ ಯಂತ್ರ ಕೊಂಡಾಗಲೇ ಪೂರ್ತಿ ಹೋಗಿರುತ್ತದೆ. ಉಳಿದ ವರ್ಷಗಳಲ್ಲಿ ಸವಕಳಿಯ ಹೆಸರಿನಲ್ಲಿ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಅದೇ ಯಂತ್ರ ಇಪ್ಪತ್ತು ವರ್ಷ ಬಾಳುವುದೆಂದು ಅಂದಾಜನ್ನು ಬದಲಿಸಿದರೆ ವಾರ್ಷಿಕ ಸವಕಳಿ ಐವತ್ತು ಸಾವಿರಕ್ಕೆ ಇಳಿದು, ಲಾಭ ಅಷ್ಟರಮಟ್ಟಿಗೆ ಏರುತ್ತದೆ. ಯಂತ್ರಕ್ಕೆ ಕೊಟ್ಟ ಹಣದಲ್ಲಿ ಮಾತ್ರ ವ್ಯತ್ಯಾಸವಾಗುವುದಿಲ್ಲ.

ದುಡಿಯುವ ಬಂಡವಾಳ. ಗಿರಾಕಿಗಳಿಂದ ಬರಬೇಕಾದ ಬಾಕಿ ಮತ್ತು ಮಾರಾಟವಾಗದ ದಾಸ್ತಾನು ಹೆಚ್ಚಿದಷ್ಟೂ ನಗದು ಅಲ್ಲಿ ಸಿಲುಕುತ್ತದೆ. ಇದಕ್ಕೆ ವಿರುದ್ಧವಾಗಿ, ಸರಕು ಕೊಟ್ಟವರಿಗೆ ಸಂಸ್ಥೆಯು ಕೊಡಬೇಕಾದ ಬಾಕಿ ಹೆಚ್ಚಿದರೆ ತಾತ್ಕಾಲಿಕವಾಗಿ ನಗದು ಕೈಯಲ್ಲಿ ಉಳಿಯುತ್ತದೆ. ದಾಸ್ತಾನು ಮಾರಾಟವಾಗುವವರೆಗೆ ಅದರ ಖರೀದಿ ಬೆಲೆಯನ್ನು ಲಾಭದಿಂದ ಕಳೆಯುವುದಿಲ್ಲವಾದ್ದರಿಂದ, ಗೋದಾಮಿನಲ್ಲಿ ಕೂಡಿದ ಸರಕಿಗೆ ಹೋದ ಹಣ ಲಾಭ-ನಷ್ಟ ಖಾತೆಯಲ್ಲಿ ಕಾಣಿಸುವುದೇ ಇಲ್ಲ.

ಬಂಡವಾಳ ವೆಚ್ಚ. ಹೊಸ ಆಸ್ತಿಗೆ ಈ ವರ್ಷ ಕೊಟ್ಟ ಹಣ ಈ ವರ್ಷದ ಲಾಭವನ್ನು ಅಲ್ಪ ಪ್ರಮಾಣದಲ್ಲಿ ಮಾತ್ರ ತಗ್ಗಿಸುತ್ತದೆ. ಮುಕ್ತ ನಗದು ಹರಿವಿನಲ್ಲಿ ಮಾತ್ರ ಅದು ಪೂರ್ತಿಯಾಗಿ ಕಳೆದುಹೋಗುತ್ತದೆ.

## ಉದಾಹರಣೆ: ಒಂದು ಅಡಿಕೆ ವ್ಯವಹಾರ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ಪ್ರಮುಖ ವಾಣಿಜ್ಯ ಬೆಳೆ. ಹಣ್ಣಡಿಕೆಯನ್ನು ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ದೊರೆಯುವುದು ಚಾಲಿ. ಕೊಯ್ಲಿಗೂ ಮಾರಾಟಕ್ಕೂ ನಡುವೆ ಸಾಕಷ್ಟು ಕಾಲ ಕಳೆಯುವುದರಿಂದ, ಹಣವು ದಾಸ್ತಾನಿನಲ್ಲಿ ಹೇಗೆ ಸಿಲುಕುತ್ತದೆ ಎಂಬುದನ್ನು ತಿಳಿಯಲು ಈ ವ್ಯವಹಾರ ಅನುಕೂಲಕರವಾಗಿದೆ.

ಶಿರಸಿ ತಾಲೂಕಿನ ದಾಸನಕೊಪ್ಪದಲ್ಲಿ ಬೆಳೆಗಾರರಿಂದ ಅಡಿಕೆ ಕೊಂಡು, ಒಣಗಿಸಿ, ಸುಲಿದು ಮಾರುವ ಘಟಕವೊಂದು ಇದೆಯೆಂದು ಊಹಿಸಿಕೊಳ್ಳಬಹುದು. ಘಟಕವೂ ಕೆಳಗಿನ ಅಂಕಿಗಳೂ ವಿವರಣೆಗಾಗಿ ಮಾಡಿಕೊಂಡ ಕಲ್ಪನೆ. ಲೆಕ್ಕ ಸರಳವಾಗಲೆಂದು ಸಾಲದ ಬಡ್ಡಿಯನ್ನು ಬಿಡಲಾಗಿದೆ.

ಮೊದಲ ವರ್ಷ ಈ ಘಟಕವು 500 ಕ್ವಿಂಟಲ್ ಚಾಲಿಯನ್ನು ಕ್ವಿಂಟಲಿಗೆ 40,000 ರೂಪಾಯಿಯಂತೆ ಮಾರುತ್ತದೆ. ಮಾರಾಟದ ಮೊತ್ತ 200 ಲಕ್ಷ ರೂಪಾಯಿ. ಮಾರಿದ ಅಡಿಕೆಯ ಖರೀದಿ ವೆಚ್ಚ ಕ್ವಿಂಟಲಿಗೆ 35,000 ರೂಪಾಯಿಯಂತೆ 175 ಲಕ್ಷ. ಕೂಲಿ, ವಿದ್ಯುತ್ ಮತ್ತು ಸಾಗಣೆಗೆ 10 ಲಕ್ಷ, ಸವಕಳಿ 3 ಲಕ್ಷ. ಉಳಿದ 12 ಲಕ್ಷಕ್ಕೆ 3 ಲಕ್ಷ ತೆರಿಗೆ ಕಟ್ಟಿದ ಮೇಲೆ ನಿವ್ವಳ ಲಾಭ 9 ಲಕ್ಷ ರೂಪಾಯಿ. ಲಾಭ-ನಷ್ಟ ಖಾತೆಯನ್ನು ಮಾತ್ರ ನೋಡಿದವರಿಗೆ ಇದು ನೆಮ್ಮದಿಯ ವ್ಯವಹಾರವೆಂದೇ ತೋರುತ್ತದೆ.

ಆದರೆ ಆ ವರ್ಷ ಇನ್ನೂ ನಾಲ್ಕು ಸಂಗತಿಗಳು ನಡೆದಿವೆ. ಹೊರ ಊರಿನ ವ್ಯಾಪಾರಿಗಳಿಂದ ಬರಬೇಕಾದ ಬಾಕಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿದೆ. ದರ ಹೆಚ್ಚಬಹುದೆಂದು ಕಾದಿರಿಸಿದ ದಾಸ್ತಾನು 100 ಕ್ವಿಂಟಲಿನಿಂದ 140 ಕ್ವಿಂಟಲಿಗೆ ಹೆಚ್ಚಿದೆ. ಹೆಚ್ಚಿದ 40 ಕ್ವಿಂಟಲಿನ ಖರೀದಿ ಬೆಲೆ 14 ಲಕ್ಷ. ಬೆಳೆಗಾರರಿಗೆ ಕೊಡಬೇಕಾದ 8 ಲಕ್ಷ ಬಾಕಿ ಉಳಿದಿದೆ. ಅಡಿಕೆ ಸುಲಿಯುವ ಹೊಸ ಯಂತ್ರಕ್ಕೆ 6 ಲಕ್ಷ ಪಾವತಿಸಲಾಗಿದೆ.

ಈಗ ಲಾಭದಿಂದ ಆರಂಭಿಸಿ ನಗದಿನತ್ತ ಸಾಗಬಹುದು. ಲಾಭ 9 ಲಕ್ಷ. ಸವಕಳಿಗೆ ಹಣ ಹೋಗಿಲ್ಲವಾದ್ದರಿಂದ 3 ಲಕ್ಷವನ್ನು ಮರಳಿ ಕೂಡಿದರೆ 12 ಲಕ್ಷ. ಗಿರಾಕಿಗಳಲ್ಲಿ ಸಿಲುಕಿದ 20 ಲಕ್ಷ ಮತ್ತು ದಾಸ್ತಾನಿನಲ್ಲಿ ಸಿಲುಕಿದ 14 ಲಕ್ಷವನ್ನು ಕಳೆದು, ಬೆಳೆಗಾರರಿಗೆ ಇನ್ನೂ ಕೊಡದಿರುವ 8 ಲಕ್ಷವನ್ನು ಕೂಡಿದರೆ ಕಾರ್ಯಾಚರಣೆಯ ನಗದು 14 ಲಕ್ಷದ ಕೊರತೆಯನ್ನು ತೋರಿಸುತ್ತದೆ. ಯಂತ್ರದ 6 ಲಕ್ಷ ಸೇರಿದಾಗ ಮುಕ್ತ ನಗದು ಹರಿವು 20 ಲಕ್ಷ ರೂಪಾಯಿ ಋಣಾತ್ಮಕ. ಅಂದರೆ 9 ಲಕ್ಷ ಲಾಭ ತೋರಿಸಿದ ವರ್ಷದಲ್ಲಿಯೇ ಘಟಕವು 20 ಲಕ್ಷ ರೂಪಾಯಿಯನ್ನು ಹಳೆಯ ಉಳಿತಾಯದಿಂದಲೋ ಸಾಲದಿಂದಲೋ ಹೊಂದಿಸಬೇಕಾಯಿತು.

ಎರಡನೆಯ ವರ್ಷ ಮಾರಾಟ, ಖರ್ಚು, ತೆರಿಗೆ ಎಲ್ಲವೂ ಹಿಂದಿನಂತೆಯೇ ಇದ್ದು ಲಾಭ ಮತ್ತೆ 9 ಲಕ್ಷವೇ ಆಗಿದೆ. ಆದರೆ ಗಿರಾಕಿಗಳ ಬಾಕಿ 15 ಲಕ್ಷಕ್ಕೆ ಇಳಿದಿದೆ. ದಾಸ್ತಾನು 110 ಕ್ವಿಂಟಲಿಗೆ ತಗ್ಗಿ 10.5 ಲಕ್ಷ ಬಿಡುಗಡೆಯಾಗಿದೆ. ಬೆಳೆಗಾರರ ಬಾಕಿ 3 ಲಕ್ಷಕ್ಕೆ ಇಳಿದಿದೆ. ಬಂಡವಾಳ ವೆಚ್ಚ 1 ಲಕ್ಷ ಮಾತ್ರ.

| ವಿವರ (ಲಕ್ಷ ರೂಪಾಯಿ) | ಮೊದಲ ವರ್ಷ | ಎರಡನೆಯ ವರ್ಷ | ಒಟ್ಟು |
|---|---|---|---|
| ನಿವ್ವಳ ಲಾಭ | 9 | 9 | 18 |
| ಸವಕಳಿ (ಕೂಡಬೇಕು) | 3 | 3 | 6 |
| ಗಿರಾಕಿಗಳ ಬಾಕಿಯ ಬದಲಾವಣೆ | −20 | 15 | −5 |
| ದಾಸ್ತಾನಿನ ಬದಲಾವಣೆ | −14 | 10.5 | −3.5 |
| ಬೆಳೆಗಾರರ ಬಾಕಿಯ ಬದಲಾವಣೆ | 8 | −5 | 3 |
| ಕಾರ್ಯಾಚರಣೆಯ ನಗದು | −14 | 32.5 | 18.5 |
| ಬಂಡವಾಳ ವೆಚ್ಚ | −6 | −1 | −7 |
| ಮುಕ್ತ ನಗದು ಹರಿವು | −20 | 31.5 | 11.5 |

ಎರಡೂ ವರ್ಷ ಒಂದೇ ಲಾಭ ಬಂದಿದ್ದರೂ ಮುಕ್ತ ನಗದು ಹರಿವಿನಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚಿನ ಅಂತರವಿದೆ. ಲಾಭವು ವ್ಯವಹಾರದ ಏರುಪೇರನ್ನು ಮರೆಮಾಡಿದರೆ, ಒಂದೇ ವರ್ಷದ ನಗದು ಅದನ್ನು ಅತಿಯಾಗಿ ತೋರಿಸಿದೆ. ಎರಡೂ ವರ್ಷಗಳನ್ನು ಕೂಡಿ ನೋಡಿದಾಗ ಚಿತ್ರ ಸ್ಪಷ್ಟವಾಗುತ್ತದೆ: 18 ಲಕ್ಷ ಲಾಭದಲ್ಲಿ ಮಾಲೀಕರು ನಿಜವಾಗಿ ಕೈಗೆತ್ತಿಕೊಳ್ಳಬಹುದಾಗಿದ್ದುದು 11.5 ಲಕ್ಷ ಮಾತ್ರ. ಆದ್ದರಿಂದ ಮುಕ್ತ ನಗದು ಹರಿವನ್ನು ಒಂದು ವರ್ಷಕ್ಕೆ ಸೀಮಿತಗೊಳಿಸದೆ ಹಲವು ವರ್ಷಗಳ ಮೊತ್ತವಾಗಿ ನೋಡುವುದು ರೂಢಿಯಲ್ಲಿದೆ.

## ಹೂಡಿಕೆದಾರರ ಒಲವಿಗೆ ಕಾರಣಗಳು

ಮೊದಲನೆಯ ಕಾರಣವೆಂದರೆ ಪಾವತಿಗಳೆಲ್ಲವೂ ನಗದಿನಲ್ಲಿ ನಡೆಯುತ್ತವೆ. ಲಾಭಾಂಶವನ್ನು ಆ ವರ್ಷದ ಅಥವಾ ಹಿಂದಿನ ವರ್ಷಗಳ ಲಾಭದಿಂದ ಘೋಷಿಸಬೇಕೆಂದು ಭಾರತದ ಕಂಪನಿ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ 123ನೆಯ ವಿಧಿಯ ಪ್ರಕಾರ, ಘೋಷಿಸಿದ ಐದು ದಿನಗಳೊಳಗೆ ಲಾಭಾಂಶದ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕು. ಹೀಗೆ ಲಾಭಾಂಶಕ್ಕೆ ಮೇಲ್ಮಿತಿಯನ್ನು ಹಾಕುವುದು ಲಾಭ. ಅದನ್ನು ತೆರುವುದು ನಗದು. ಮುಕ್ತ ನಗದು ಹರಿವು ಇಲ್ಲದೆಯೂ ಲಾಭಾಂಶ ಕೊಡುತ್ತಿರುವ ಸಂಸ್ಥೆ ಅದನ್ನು ಸಾಲದಿಂದ, ಹಳೆಯ ಉಳಿತಾಯದಿಂದ ಅಥವಾ ಆಸ್ತಿ ಮಾರಾಟದಿಂದ ಕೊಡುತ್ತಿದೆ ಎಂದೇ ಅರ್ಥ.

ಎರಡನೆಯ ಕಾರಣ, ಲಾಭದ ಲೆಕ್ಕದಲ್ಲಿ ಆಡಳಿತ ಮಂಡಳಿಯ ಅಂದಾಜುಗಳಿಗೆ ಹೆಚ್ಚು ಅವಕಾಶವಿದೆ. ಆಸ್ತಿಯ ಆಯುಸ್ಸು ಎಷ್ಟು, ವಸೂಲಾಗದ ಬಾಕಿ ಎಷ್ಟಿರಬಹುದು, ಅರ್ಧ ಮುಗಿದ ಗುತ್ತಿಗೆಯಲ್ಲಿ ಎಷ್ಟು ಭಾಗವನ್ನು ಈ ವರ್ಷದ ಆದಾಯವೆಂದು ಬರೆಯಬೇಕು ಎಂಬ ಪ್ರಶ್ನೆಗಳಿಗೆ ಪ್ರಾಮಾಣಿಕರಾದ ಇಬ್ಬರು ಲೆಕ್ಕಿಗರೂ ಬೇರೆ ಬೇರೆ ಉತ್ತರ ಕೊಡಬಹುದು. ಬ್ಯಾಂಕ್ ಖಾತೆಗೆ ಬಂದ ಮತ್ತು ಅಲ್ಲಿಂದ ಹೋದ ಹಣದ ವಿಷಯದಲ್ಲಿ ಇಂತಹ ಭಿನ್ನಾಭಿಪ್ರಾಯಕ್ಕೆ ಎಡೆ ಕಡಿಮೆ.

ಮೂರನೆಯದಾಗಿ, ಲಾಭಕ್ಕೂ ನಗದಿಗೂ ನಡುವಿನ ಅಂತರವೇ ಒಂದು ಮುನ್ಸೂಚನೆಯಾಗಿ ಕೆಲಸ ಮಾಡುತ್ತದೆ. ಅಮೆರಿಕದ ಚಿಲ್ಲರೆ ಮಾರಾಟ ಸಂಸ್ಥೆ ಡಬ್ಲ್ಯು. ಟಿ. ಗ್ರಾಂಟ್ 1975ರಲ್ಲಿ ದಿವಾಳಿಯಾಯಿತು. ಅದಕ್ಕೆ ಮೊದಲು ಹಲವು ವರ್ಷ ಅದು ಲಾಭ ತೋರಿಸಿ ಲಾಭಾಂಶವನ್ನೂ ಹಂಚುತ್ತಿತ್ತು. ಆದರೆ ಗಿರಾಕಿಗಳಿಗೆ ಕೊಟ್ಟ ಸಾಲದ ಬಾಕಿ ಮತ್ತು ಅಂಗಡಿಗಳಲ್ಲಿನ ದಾಸ್ತಾನು ಬೆಳೆಯುತ್ತಲೇ ಇದ್ದುದರಿಂದ ಅದರ ಕಾರ್ಯಾಚರಣೆಯಿಂದ ಸಾಕಷ್ಟು ನಗದು ಬರುತ್ತಿರಲಿಲ್ಲ; ಕೊರತೆಯನ್ನು ಸಾಲದಿಂದ ತುಂಬಲಾಗುತ್ತಿತ್ತು. ಲಾರ್ಗೆ ಮತ್ತು ಸ್ಟಿಕ್ನಿ ಎಂಬ ವಿದ್ವಾಂಸರು 1980ರಲ್ಲಿ ಈ ಪ್ರಕರಣವನ್ನು ವಿಶ್ಲೇಷಿಸಿ, ನಗದು ಹರಿವನ್ನು ಗಮನಿಸಿದ್ದರೆ ಅಪಾಯ ಬಹಳ ಮೊದಲೇ ಕಾಣುತ್ತಿತ್ತೆಂದು ತೋರಿಸಿದರು. ದಾಸನಕೊಪ್ಪದ ಉದಾಹರಣೆಯಲ್ಲಿ ಮೊದಲ ವರ್ಷದ ಸ್ಥಿತಿ ಸರಿಹೋಗದೆ ವರ್ಷವರ್ಷವೂ ಮುಂದುವರಿದರೆ ಆಗುವುದೂ ಇದೇ.

ಲಾಭಕ್ಕೆ ಹೋಲಿಸಿದಾಗ ಮುಕ್ತ ನಗದು ಹರಿವು ಶೇಕಡಾ ಎಷ್ಟಿದೆ ಎಂಬುದನ್ನು ‘ನಗದು ಪರಿವರ್ತನೆಯ ಪ್ರಮಾಣ’ ಎನ್ನುತ್ತಾರೆ. ಹಲವು ವರ್ಷಗಳ ಮೊತ್ತದಲ್ಲಿಯೂ ಈ ಪ್ರಮಾಣ ಬಹಳ ಕಡಿಮೆಯಿದ್ದರೆ, ಹಣ ಎಲ್ಲಿ ನಿಂತಿದೆ ಎಂದು ಪರಿಶೀಲಿಸಬೇಕಾಗುತ್ತದೆ. ಅದು ಹೊಸ ಕಾರ್ಖಾನೆಗೆ ಹೋಗಿದ್ದರೆ ಅರ್ಥ ಒಂದು. ವಸೂಲಾಗದ ಬಾಕಿಯಲ್ಲಿ ಕೂಡಿದ್ದರೆ ಅರ್ಥವೇ ಬೇರೆ.

## ಇನ್ಫೋಸಿಸ್‌ನ ನಿದರ್ಶನ

1981ರಲ್ಲಿ ಸ್ಥಾಪನೆಯಾಗಿ 1993ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿದ ಇನ್ಫೋಸಿಸ್, ತೆರಿಗೆ ಕಳೆದ ಲಾಭದ ಇಂತಿಷ್ಟು ಭಾಗವನ್ನು ಷೇರುದಾರರಿಗೆ ಹಂಚುವುದಾಗಿ ಹೇಳುತ್ತಿತ್ತು. 2017ರ ಏಪ್ರಿಲ್‌ಗೆ ಮೊದಲು ಈ ಮಿತಿ ಲಾಭದ ಶೇಕಡಾ 50ರವರೆಗೆ ಇತ್ತು. ಆ ತಿಂಗಳು ಸಂಸ್ಥೆಯು ಅಳತೆಗೋಲನ್ನೇ ಬದಲಾಯಿಸಿತು: 2017-18ರಿಂದ ಆಯಾ ವರ್ಷದ ಮುಕ್ತ ನಗದು ಹರಿವಿನ ಶೇಕಡಾ 70ರವರೆಗೆ ಲಾಭಾಂಶ ಅಥವಾ ಷೇರು ಮರುಖರೀದಿಯ ರೂಪದಲ್ಲಿ ಕೊಡಲಾಗುವುದೆಂದು ಪ್ರಕಟಿಸಿತು. 2019ರ ಜುಲೈನಲ್ಲಿ ಇದನ್ನು ಪರಿಷ್ಕರಿಸಿ, 2019-20ರಿಂದ ಐದು ವರ್ಷಗಳ ಅವಧಿಯ ಒಟ್ಟು ಮುಕ್ತ ನಗದು ಹರಿವಿನಲ್ಲಿ ಸುಮಾರು ಶೇಕಡಾ 85ರಷ್ಟನ್ನು ಹಿಂದಿರುಗಿಸುವುದಾಗಿ ತಿಳಿಸಿತು. 2024ರ ಏಪ್ರಿಲ್‌ನಲ್ಲಿ ಮುಂದಿನ ಐದು ವರ್ಷಗಳಿಗೂ ಇದೇ ಪ್ರಮಾಣವನ್ನು ಮುಂದುವರಿಸಿತು.

ಒಂದು ವರ್ಷದ ಬದಲು ಐದು ವರ್ಷಗಳ ಮೊತ್ತವನ್ನು ಆಧಾರವಾಗಿಟ್ಟುಕೊಂಡಿರುವುದು ಇಲ್ಲಿ ಮುಖ್ಯವಾದ ಅಂಶ. ಅದರ ಅಗತ್ಯವೇನೆಂಬುದು ಸಂಸ್ಥೆಯ 2022-23ರಿಂದ 2024-25ರವರೆಗಿನ ಮೂರು ವರ್ಷಗಳ ಅಂಕಿಗಳಿಂದ ತಿಳಿಯುತ್ತದೆ. ಇವು ಅಂತರರಾಷ್ಟ್ರೀಯ ಮಾನದಂಡದಂತೆ ಡಾಲರಿನಲ್ಲಿ ಪ್ರಕಟವಾದ ಅಂಕಿಗಳ ಸಮೀಪದ ಮೊತ್ತಗಳು.

| ವರ್ಷ | ನಿವ್ವಳ ಲಾಭ (ಕೋಟಿ ಡಾಲರ್) | ಮುಕ್ತ ನಗದು ಹರಿವು (ಕೋಟಿ ಡಾಲರ್) | ಪರಿವರ್ತನೆಯ ಪ್ರಮಾಣ |
|---|---|---|---|
| 2022-23 | 298 | 253 | ಶೇ. 85 |
| 2023-24 | 317 | 288 | ಶೇ. 91 |
| 2024-25 | 316 | 409 | ಶೇ. 129 |

2023-24 ಮತ್ತು 2024-25ರ ನಡುವೆ ಲಾಭ ಹೆಚ್ಚುಕಡಿಮೆ ಇದ್ದಲ್ಲಿಯೇ ಇದೆ. ಮುಕ್ತ ನಗದು ಹರಿವು ಮಾತ್ರ ಶೇಕಡಾ 40ಕ್ಕಿಂತ ಹೆಚ್ಚಾಗಿದೆ. ಇದಕ್ಕೆ ವ್ಯಾಪಾರವು ಹಠಾತ್ತನೆ ಬೆಳೆದದ್ದು ಕಾರಣವಲ್ಲ. ಹಿಂದಿನ ಹಲವು ವರ್ಷಗಳ ಆದಾಯ ತೆರಿಗೆಗೆ ಸಂಬಂಧಿಸಿದಂತೆ ಇನ್ಫೋಸಿಸ್‌ಗೆ ದೊಡ್ಡ ಮೊತ್ತದ ಮರುಪಾವತಿಯ ಆದೇಶಗಳು ದೊರೆತಿದ್ದವು. ಅದಕ್ಕೆ ಸೇರಿದ ಬಡ್ಡಿಯನ್ನು ಸಂಸ್ಥೆಯು 2023-24ರ ಕೊನೆಯ ತ್ರೈಮಾಸಿಕದಲ್ಲಿಯೇ ಆದಾಯವೆಂದು ಬರೆದುಕೊಂಡಿತು, ಏಕೆಂದರೆ ಪಡೆಯುವ ಹಕ್ಕು ಆಗಲೇ ಸಿದ್ಧಿಸಿತ್ತು. ಮರುಪಾವತಿಯ ನಗದು ಮುಂದಿನ ವರ್ಷದ ಹರಿವಿಗೆ ನೆರವಾಯಿತು. ಆ ವರ್ಷ ತೆರಿಗೆಯಾಗಿ ಹೊರಹೋದ ನಿವ್ವಳ ಹಣವೂ ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆಯಾಗಿತ್ತು. ಹೀಗೆ ಒಂದೇ ಘಟನೆ ಲಾಭದಲ್ಲಿ ಒಂದು ವರ್ಷ, ನಗದಿನಲ್ಲಿ ಇನ್ನೊಂದು ವರ್ಷ ಕಾಣಿಸಿಕೊಂಡಿತು.

ಇದರಿಂದ ಎರಡು ತಿಳಿವಳಿಕೆಗಳು ದೊರೆಯುತ್ತವೆ. 2023-24ರ ಲಾಭದಲ್ಲಿ ಪ್ರತಿ ವರ್ಷ ಮರುಕಳಿಸದ ಅಂಶವೊಂದು ಸೇರಿತ್ತು. 2024-25ರ ಮುಕ್ತ ನಗದು ಹರಿವಿನಲ್ಲಿಯೂ ಅಂತಹ ಅಂಶವಿದ್ದುದರಿಂದ ಶೇಕಡಾ 129 ಎಂಬುದನ್ನು ಸಂಸ್ಥೆಯ ಸಾಮಾನ್ಯ ಸ್ಥಿತಿಯೆಂದು ಭಾವಿಸಲಾಗದು. ಮುಕ್ತ ನಗದು ಹರಿವು ಲಾಭಕ್ಕಿಂತ ಹೆಚ್ಚಿದೆ ಎಂಬುದಷ್ಟರಿಂದಲೇ ತೃಪ್ತರಾಗದೆ, ಆ ಹಣ ಮುಂದಿನ ವರ್ಷವೂ ಬರುವಂಥದೇ ಎಂದು ಹೂಡಿಕೆದಾರರು ವಿಚಾರಿಸಬೇಕಾಗುತ್ತದೆ.

ಸಾಫ್ಟ್‌ವೇರ್ ಸೇವಾ ಸಂಸ್ಥೆಗಳಿಗೆ ದಾಸ್ತಾನಿನ ಹೊರೆಯಿಲ್ಲ. ದೊಡ್ಡ ಯಂತ್ರಗಳೂ ಬೇಕಿಲ್ಲ. ಆದ್ದರಿಂದ ಅವುಗಳ ಲಾಭದ ಬಹುಭಾಗ ನಗದಾಗಿ ಪರಿಣಮಿಸುತ್ತದೆ. ಉಕ್ಕು, ವಿದ್ಯುತ್, ವಿಮಾನಯಾನದಂತಹ ಉದ್ದಿಮೆಗಳ ಪ್ರಮಾಣವನ್ನು ಇವುಗಳೊಡನೆ ನೇರವಾಗಿ ಹೋಲಿಸುವುದು ಸರಿಯಲ್ಲ.

## ಮಿತಿಗಳು

ಋಣಾತ್ಮಕ ಹರಿವು ಯಾವಾಗಲೂ ಕೆಡುಕಲ್ಲ. ಹೊಸ ಕಾರ್ಖಾನೆ ಕಟ್ಟುತ್ತಿರುವ ಸಂಸ್ಥೆಯ ಮುಕ್ತ ನಗದು ಹರಿವು ಕೆಲವು ವರ್ಷ ಶೂನ್ಯಕ್ಕಿಂತ ಕೆಳಗಿರುವುದು ಸಹಜ. ಆ ಕಾರ್ಖಾನೆಯಿಂದ ಮುಂದೆ ಬರುವ ನಗದು ಹೂಡಿದ ಹಣಕ್ಕೆ ತಕ್ಕ ಪ್ರತಿಫಲ ಕೊಡುವುದೇ ಎಂಬುದು ಅಲ್ಲಿ ಕೇಳಬೇಕಾದ ಪ್ರಶ್ನೆ. ಇಂತಹ ಸಂದರ್ಭದಲ್ಲಿ ಲಾಭವೇ ವ್ಯವಹಾರದ ಸ್ಥಿತಿಯನ್ನು ಹೆಚ್ಚು ಸರಿಯಾಗಿ ತೋರಿಸಬಹುದು.

ತಾತ್ಕಾಲಿಕವಾಗಿ ಹೆಚ್ಚಿಸುವ ದಾರಿಗಳಿವೆ. ವರ್ಷದ ಕೊನೆಯಲ್ಲಿ ಸರಕು ಕೊಟ್ಟವರಿಗೆ ಪಾವತಿಯನ್ನು ತಡೆಹಿಡಿದರೆ, ಬರಬೇಕಾದ ಬಾಕಿಯನ್ನು ಬ್ಯಾಂಕಿಗೆ ಸೋಡಿ ಬಿಟ್ಟು ಮಾರಿದರೆ, ಅಥವಾ ಅಗತ್ಯವಾದ ದುರಸ್ತಿಯನ್ನೂ ಯಂತ್ರಗಳ ಬದಲಾವಣೆಯನ್ನೂ ಮುಂದೂಡಿದರೆ ಆ ವರ್ಷದ ಅಂಕಿ ಚೆನ್ನಾಗಿ ಕಾಣುತ್ತದೆ. ಕೊಡಬೇಕಾದ ಬಾಕಿಯು ಖರೀದಿಗಿಂತ ವೇಗವಾಗಿ ಬೆಳೆದಿದೆಯೇ, ಬಂಡವಾಳ ವೆಚ್ಚವು ವರ್ಷಗಟ್ಟಲೆ ಸವಕಳಿಗಿಂತ ಕಡಿಮೆಯಿದೆಯೇ ಎಂಬುದನ್ನು ನೋಡಿ ಇದನ್ನು ಗುರುತಿಸಬಹುದು.

ಬಡ್ಡಿ ಮತ್ತು ಗುತ್ತಿಗೆ ಬಾಡಿಗೆ. ಭಾರತೀಯ ಲೆಕ್ಕಪತ್ರ ಮಾನದಂಡ 7ರಂತೆ, ಹಣಕಾಸು ಸಂಸ್ಥೆಗಳನ್ನು ಹೊರತುಪಡಿಸಿ ಇತರ ಕಂಪನಿಗಳು ತೆತ್ತ ಬಡ್ಡಿಯನ್ನು ಕಾರ್ಯಾಚರಣೆಯ ಭಾಗದಲ್ಲಿ ಬರೆಯದೆ ಸಾಲ-ಬಂಡವಾಳದ ಭಾಗದಲ್ಲಿ ಬರೆಯುತ್ತವೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಾನದಂಡ 116ರಂತೆ, ದೀರ್ಘಾವಧಿಯ ಕಟ್ಟಡ ಬಾಡಿಗೆಯ ಬಹುಭಾಗವೂ ಅಲ್ಲಿಗೇ ಸೇರುತ್ತದೆ. ಆದ್ದರಿಂದ ಮೇಲಿನ ಸರಳ ಸೂತ್ರದಲ್ಲಿ ಇವೆರಡೂ ಕಳೆದುಹೋಗುವುದಿಲ್ಲ. ಹೆಚ್ಚು ಸಾಲವಿರುವ ಅಥವಾ ಬಾಡಿಗೆ ಕಟ್ಟಡಗಳಲ್ಲಿ ಅಂಗಡಿಗಳನ್ನು ನಡೆಸುವ ಸಂಸ್ಥೆಯಾದರೆ, ಷೇರುದಾರರಿಗೆ ಉಳಿಯುವ ಹಣವನ್ನು ತಿಳಿಯಲು ಈ ಎರಡನ್ನೂ ಪ್ರತ್ಯೇಕವಾಗಿ ಕಳೆಯಬೇಕು.

ಬ್ಯಾಂಕುಗಳಿಗೆ ಅನ್ವಯಿಸದು. ಬ್ಯಾಂಕಿಗೆ ಹಣವೇ ಸರಕು. ಠೇವಣಿ ಹೆಚ್ಚಿದಾಗ ನಗದು ಒಳಬರುತ್ತದೆ, ಸಾಲ ಕೊಟ್ಟಾಗ ಹೊರಹೋಗುತ್ತದೆ. ಈ ಚಲನೆಯಿಂದ ಬ್ಯಾಂಕಿನ ಗಳಿಕೆಯನ್ನು ಅಳೆಯಲಾಗದು. ವಿಮಾ ಸಂಸ್ಥೆಗಳ ವಿಷಯದಲ್ಲಿಯೂ ಇದೇ ತೊಡಕಿದೆ.

ವಂಚನೆ. ನಗದಿನ ಅಂಕಿಯೂ ಸುಳ್ಳಾಗಿರಬಹುದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಸಂಸ್ಥೆಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲಿಯೇ ಇಲ್ಲವೆಂದು ಒಪ್ಪಿಕೊಂಡರು. ಇಲ್ಲದ ಠೇವಣಿಗೆ 376 ಕೋಟಿ ರೂಪಾಯಿ ಬಡ್ಡಿಯನ್ನೂ ತೋರಿಸಲಾಗಿತ್ತು. ಬ್ಯಾಂಕುಗಳಿಂದ ಸ್ವತಂತ್ರವಾಗಿ ದೃಢೀಕರಣ ಪಡೆಯದ ನಗದು ಕಾಗದದ ಮೇಲಿನ ಲಾಭಕ್ಕಿಂತ ಹೆಚ್ಚು ಗಟ್ಟಿಯಲ್ಲ. ಸಂಸ್ಥೆಯು ನಿಯಮಿತವಾಗಿ ಲಾಭಾಂಶ ಕೊಡುತ್ತಿದೆಯೇ, ತೆರಿಗೆ ಕಟ್ಟುತ್ತಿದೆಯೇ, ಕೈತುಂಬ ಹಣವಿದೆಯೆಂದು ತೋರಿಸುತ್ತಲೇ ಹೊಸ ಸಾಲ ಪಡೆಯುತ್ತಿದೆಯೇ ಎಂಬುದನ್ನು ಗಮನಿಸಿದರೆ ಅಂಕಿಗಳ ನೈಜತೆಯನ್ನು ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು.